ಬಸ್ಸಾರಿನ ಸೊಪ್ಪು ಹಸಿರಾಗಿಯೇ ಉಳಿಯಲಿ

ಬಸ್ಸಾರಿಗೆಂದು ದಂಟಿನ ಸೊಪ್ಪನ್ನೂ ತೊಗರಿಬೇಳೆಯನ್ನೂ ಒಟ್ಟಿಗೆ ಕುಕ್ಕರಿಗೆ ಹಾಕಿ ಮೂರು ವಿಷಲ್ ಕೂಗಿಸಿದರೆ ಕೆಲಸ ಬೇಗ ಮುಗಿಯುತ್ತದೆ. ಆದರೆ ಮುಚ್ಚಳ ತೆಗೆದಾಗ ಸೊಪ್ಪು ಪಾಚಿಯ ಬಣ್ಣಕ್ಕೆ ತಿರುಗಿರುತ್ತದೆ.

ಎಲೆಗೆ ಹಸಿರು ಕೊಡುವುದು ಪತ್ರಹರಿತ್ತು. ಅದರ ನಡುವೆ ಮೆಗ್ನೀಷಿಯಮ್ ಕೂತಿರುತ್ತದೆ. ಎಲೆ ಬೇಯುವಾಗ ಅದರೊಳಗಿನ ಹುಳಿ ಅಂಶ ಹೊರಬಂದು ಈ ಮೆಗ್ನೀಷಿಯಮ್ಮನ್ನು ಕಿತ್ತುಹಾಕುತ್ತದೆ. ಆಗ ಹಸಿರು ಹೋಗಿ ಕಂದು ಬರುತ್ತದೆ. ಪಾತ್ರೆ ತೆರೆದಿದ್ದರೆ ಹುಳಿಯ ಒಂದು ಪಾಲು ಹಬೆಯ ಜೊತೆ ಹಾರಿಹೋಗುತ್ತದೆ, ನೀರು ಹೆಚ್ಚಿದ್ದರೆ ಉಳಿದದ್ದು ತೆಳುವಾಗುತ್ತದೆ. ಮುಚ್ಚಿದ ಕುಕ್ಕರಿನಲ್ಲಿ ಇವೆರಡೂ ನಡೆಯುವುದಿಲ್ಲ, ಶಾಖವೂ ಹೆಚ್ಚು.

ಆದ್ದರಿಂದ ಅಗಲವಾದ ಪಾತ್ರೆಯಲ್ಲಿ 2 ಲೀಟರ್ ನೀರಿಗೆ ಅರ್ಧ ಲೋಟ ಬೇಳೆ ಹಾಕಿ ಮೊದಲು ಅದನ್ನೇ ಬೇಯಿಸಿ. ಕಾಳು ಬೆರಳಲ್ಲಿ ಅದುಮಿದರೆ ಹಿಸುಕಬೇಕು, ಆದರೆ ಕರಗಿರಬಾರದು. ನೀರು ಕುದಿಯುತ್ತಿರುವಾಗಲೇ ಉಪ್ಪು ಹಾಕಿ, ಹೆಚ್ಚಿದ ದಂಟು ಬಿಡಿ. ಎರಡು ಮೂರು ನಿಮಿಷದ ಮೇಲೆ ಎಲೆ ಹಾಕಿ. ಮುಚ್ಚಬೇಡಿ. ಎಳೆಯ ಎಲೆಗೆ ಇನ್ನು ಮೂರು ನಾಲ್ಕು ನಿಮಿಷ ಸಾಕು. ದಂಟು ಉಗುರಿಗೆ ಸಿಕ್ಕಿತೆಂದರೆ ಬಸಿಯಿರಿ. ಬಸಿದ ಸೊಪ್ಪನ್ನು ರಾಶಿ ಮಾಡಿಟ್ಟರೆ ತನ್ನ ಬಿಸಿಗೇ ಮತ್ತೆ ಬೇಯುತ್ತದೆ. ತಟ್ಟೆಯಲ್ಲಿ ಹರಡಿ ಆರಿಸಿ.

ಹೆಚ್ಚು ನೀರಿನಲ್ಲಿ ಬೇಯಿಸಿದರೆ ಸತ್ವವೂ ನೀರಿಗೆ ಇಳಿಯುತ್ತದೆ. ಬಸಿದ ಕಟ್ಟು ಚೆಲ್ಲುವ ಅಡುಗೆಯಲ್ಲಿ ಅದು ನಷ್ಟ. ಬಸ್ಸಾರಿನಲ್ಲಿ ಆ ಕಟ್ಟೇ ಸಾರಾಗುತ್ತದೆ. ಹುಣಸೆಹಣ್ಣು ಬೀಳುವುದೂ ಸಾರಿಗೇ ಹೊರತು ಸೊಪ್ಪಿಗಲ್ಲ. ಪಲ್ಯಕ್ಕೆ ಒಗ್ಗರಣೆಯಲ್ಲಿ ಎರಡು ನಿಮಿಷ ತಿರುವಿ ತೆಂಗಿನತುರಿ ಉದುರಿಸಿದರೆ ಮುಗಿಯಿತು. ನಿಂಬೆಹುಳಿ ಬೇಕೆನಿಸಿದರೆ ತಟ್ಟೆಗೆ ಬಡಿಸಿದ ಮೇಲೆ ಹಿಂಡಿಕೊಳ್ಳಿ. ಹಸಿರು ಉಳಿಯಲೆಂದು ಅಡುಗೆ ಸೋಡಾ ಹಾಕುವವರಿದ್ದಾರೆ. ಅದು ಹುಳಿಯನ್ನು ಮುರಿದು ಬಣ್ಣ ಉಳಿಸುವುದು ನಿಜ, ಆದರೆ ಎಲೆ ಲೋಳೆಯಂತಾಗುತ್ತದೆ, ಸಿ ಜೀವಸತ್ವವೂ ಹಾಳಾಗುತ್ತದೆ.

ಮೆಂತ್ಯ ಸೊಪ್ಪಿಗೆ ಈ ದಾರಿ ಹೊಂದುವುದಿಲ್ಲ. ಅದರ ಕಹಿ ಕಟ್ಟಿಗಿಳಿದು ಸಾರೂ ಕಹಿಯಾಗುತ್ತದೆ. ಅದನ್ನು ಹುರಿಯುವುದೇ ಸರಿ. ಎಲೆಯನ್ನಷ್ಟೇ ಬಿಡಿಸಿ, ಹೆಚ್ಚಿ, ಅರ್ಧ ಚಮಚ ಉಪ್ಪು ಸವರಿ ಹತ್ತು ನಿಮಿಷ ಬಿಡಿ. ಬಿಟ್ಟ ನೀರನ್ನು ಹಿಂಡಿದರೆ ಕಹಿಯ ಒಂದು ಪಾಲು ಅದರೊಂದಿಗೇ ಹೋಗುತ್ತದೆ. ಎಣ್ಣೆಯಲ್ಲಿ ಈರುಳ್ಳಿ ಸಿಹಿ ಬರುವಷ್ಟು ಬಾಡಿಸಿ, ಸೊಪ್ಪು ಹಾಕಿ, ಮುಚ್ಚದೆ ನಾಲ್ಕೈದು ನಿಮಿಷ ತಿರುವಿ. ಹಿಂಡಿದ ಸೊಪ್ಪಿನಲ್ಲೂ ಉಪ್ಪು ಉಳಿದಿರುತ್ತದೆ, ರುಚಿ ನೋಡಿಯೇ ಮತ್ತೆ ಹಾಕಿ. ಇಷ್ಟಾದರೂ ಪಲ್ಯ ಕಹಿಯಾದರೆ ಬೆಳ್ಳುಳ್ಳಿಯನ್ನು ನೋಡಿ. ಹೊಂಬಣ್ಣ ದಾಟಿ ಕರಿದಾದ ಬೆಳ್ಳುಳ್ಳಿಯ ಕಹಿಯನ್ನು ನಾವು ಎಷ್ಟೋ ಸಲ ಸೊಪ್ಪಿನ ತಲೆಗೆ ಕಟ್ಟಿರುತ್ತೇವೆ.