ಆದಾಯದ ಕಾಲಂ ಖಾಲಿ ಬಿಟ್ಟವರು ಯಾರು?

ಒಂದು ತಾಲ್ಲೂಕಿನಲ್ಲಿ ಸಾವಿರ ಮನೆಗಳ ಸಮೀಕ್ಷೆ ಮುಗಿದಿದೆ ಎಂದುಕೊಳ್ಳಿ. ಮನೆಯಲ್ಲಿ ಎಷ್ಟು ಜನ, ಕುಡಿಯುವ ನೀರು ಎಲ್ಲಿಂದ, ಮನೆ ನಡೆಸುವವರ ಕಸುಬೇನು ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ಸಿಕ್ಕಿದೆ. ತಿಂಗಳ ಆದಾಯದ ಕಾಲಂ ಮಾತ್ರ ಮುನ್ನೂರು ಫಾರಂಗಳಲ್ಲಿ ಖಾಲಿ. ಆದಾಯ ಹೇಳಿದ 700 ಮನೆಗಳ ಸರಾಸರಿ 22,000 ರೂಪಾಯಿ. ಹಾಗಾದರೆ ತಾಲ್ಲೂಕಿನ ಸರಾಸರಿ ಆದಾಯ 22,000 ಎಂದು ವರದಿಯಲ್ಲಿ ಬರೆಯಬಹುದೇ?

ಇದು ಲೆಕ್ಕ ತೋರಿಸಲೆಂದು ಕಟ್ಟಿಕೊಂಡ ಉದಾಹರಣೆ. ಪ್ರಶ್ನೆ ಮಾತ್ರ ಎಲ್ಲ ಸಮೀಕ್ಷೆಗಳದ್ದೂ ಹೌದು. ಖಾಲಿ ಬಿಟ್ಟ ಫಾರಂ ಮುಂದಿಟ್ಟುಕೊಂಡ ವಿಶ್ಲೇಷಕರಿಗೆ ಮೂರು ದಾರಿಗಳಿವೆ: ಆ ಫಾರಂ ಕೈಬಿಡುವುದು, ಖಾಲಿ ಜಾಗವನ್ನು ಅಂದಾಜಿನಿಂದ ತುಂಬುವುದು, ಇಲ್ಲವೇ ಮತ್ತೆ ಆ ಮನೆಗೆ ಹೋಗಿ ಕೇಳುವುದು. ಯಾವ ದಾರಿ ಸರಿ ಎಂಬುದು ಎಷ್ಟು ಫಾರಂ ಖಾಲಿ ಎನ್ನುವುದಕ್ಕಿಂತ ಅವು ಏಕೆ ಖಾಲಿ ಎನ್ನುವುದನ್ನು ಅವಲಂಬಿಸಿದೆ.

ಮೊದಲು ಮಾಡಬೇಕಾದ ಕೆಲಸ, ಖಾಲಿಯೆಲ್ಲ ಒಂದೇ ಬಗೆಯದೇ ಎಂದು ನೋಡುವುದು. ಮಕ್ಕಳೇ ಇಲ್ಲದ ಮನೆಯಲ್ಲಿ ‘ಮಕ್ಕಳು ಯಾವ ಶಾಲೆಗೆ ಹೋಗುತ್ತಾರೆ’ ಎಂಬ ಕಾಲಂ ಖಾಲಿಯೇ ಇರಬೇಕು. ಅಲ್ಲಿ ಉತ್ತರ ಕಳೆದುಹೋಗಿಲ್ಲ, ಪ್ರಶ್ನೆಯೇ ಅನ್ವಯಿಸುವುದಿಲ್ಲ. ಕೆಲವು ಗಣತಿದಾರರು ‘ಇಲ್ಲ’ ಎಂಬುದಕ್ಕೆ ಸೊನ್ನೆ ಬರೆಯುತ್ತಾರೆ, ಕೆಲವರು ಏನೂ ಬರೆಯದೆ ಬಿಡುತ್ತಾರೆ. ‘ಗೊತ್ತಿಲ್ಲ’ ಎಂಬ ಉತ್ತರಕ್ಕೆ 99 ಎಂಬ ಸಂಕೇತ ಕೊಟ್ಟಿದ್ದರೆ, ಅದನ್ನು ಬೇರ್ಪಡಿಸದೆ ಕೂಡಿದವರ ಲೆಕ್ಕದಲ್ಲಿ ವಯಸ್ಸು ತಿಳಿಯದವರೆಲ್ಲ 99 ವರ್ಷದ ವೃದ್ಧರಾಗಿಬಿಡುತ್ತಾರೆ. ಆಮೇಲೆ ಖಾಲಿ ಫಾರಂಗಳನ್ನು ಗಣತಿದಾರರ ಹೆಸರಿನ ಪ್ರಕಾರ ಜೋಡಿಸಿ ನೋಡಬೇಕು. ಒಬ್ಬರ ಕಟ್ಟಿನಲ್ಲೇ ಹೆಚ್ಚು ಖಾಲಿ ಇದ್ದರೆ ತಕರಾರು ಜನರದ್ದಲ್ಲ, ಆ ಗಣತಿದಾರರು ಕೇಳಿದ ರೀತಿಯದ್ದು. ಕೊನೆಯ ಪುಟದ ಪ್ರಶ್ನೆಗಳೆಲ್ಲ ಖಾಲಿ ಇದ್ದರೆ ಉತ್ತರ ಕೊಡುವವರಿಗೆ ಸಾಕಾಗಿತ್ತು, ಇಲ್ಲವೇ ಪುಟ ತಿರುವುವುದೇ ಮರೆತುಹೋಗಿತ್ತು.

ಈ ಸೋಸುವಿಕೆಯ ನಂತರವೂ ನಮ್ಮ 300 ಫಾರಂಗಳು ನಿಜವಾಗಿಯೇ ಖಾಲಿ ಎಂದಿಟ್ಟುಕೊಳ್ಳೋಣ. ಕೈಬಿಡುವುದು ಎಲ್ಲಕ್ಕಿಂತ ಸುಲಭ. ಮಳೆಯಲ್ಲಿ ನೆನೆದು ಶಾಯಿ ಹರಡಿಹೋದಂಥ ಫಾರಂಗಳಾದರೆ ಕೈಬಿಟ್ಟರೂ ಸರಾಸರಿ ಒಂದು ಕಡೆಗೆ ವಾಲುವುದಿಲ್ಲ, ಏಕೆಂದರೆ ಮಳೆಗೆ ಬಡವ ಬಲ್ಲಿದ ಎಂಬ ಭೇದವಿಲ್ಲ. ಫಾರಂ ಕಡಿಮೆಯಾದಷ್ಟು ಖಚಿತತೆ ತಗ್ಗುತ್ತದೆ, ಅಷ್ಟೇ. ಆದರೆ ಅದೂ ಸಣ್ಣ ನಷ್ಟವೇನಲ್ಲ. ಇಪ್ಪತ್ತು ಪ್ರಶ್ನೆಗಳಿದ್ದು, ಒಂದಕ್ಕೊಂದು ಸಂಬಂಧವಿಲ್ಲದಂತೆ ಪ್ರತಿ ಪ್ರಶ್ನೆಯೂ ನೂರಕ್ಕೆ ಐದು ಫಾರಂಗಳಲ್ಲಿ ಖಾಲಿ ಬಿದ್ದರೆ, ಎಲ್ಲ ಕಾಲಂ ತುಂಬಿರುವ ಫಾರಂ ನೂರಕ್ಕೆ 36 ಮಾತ್ರ ಉಳಿಯುತ್ತವೆ. ‘ಪೂರ್ತಿ ತುಂಬಿದ ಫಾರಂ ಮಾತ್ರ ಸಾಕು’ ಎನ್ನುವ ವಿಶ್ಲೇಷಕ ಒಂದೊಂದು ಉತ್ತರದ ಕೊರತೆಗಾಗಿ ಹತ್ತೊಂಬತ್ತು ಉತ್ತರಗಳನ್ನು ಕಸದ ಬುಟ್ಟಿಗೆ ಹಾಕುತ್ತಿರುತ್ತಾನೆ.

ಆದಾಯದ ಕಾಲಂ ಮಳೆಯಲ್ಲಿ ನೆನೆದದ್ದಲ್ಲ. ಅದನ್ನು ಪರೀಕ್ಷಿಸಲು ಉತ್ತರ ಸಿಕ್ಕ ಬೇರೆ ಕಾಲಂಗಳೇ ನೆರವಾಗುತ್ತವೆ. ಕಸುಬಿನ ಪ್ರಕಾರ ಫಾರಂಗಳನ್ನು ಎರಡು ಗುಂಪು ಮಾಡೋಣ. ಕೂಲಿ ಮತ್ತು ಸಣ್ಣ ಬೇಸಾಯದ 600 ಮನೆಗಳಲ್ಲಿ 500 ಮನೆಯವರು ಆದಾಯ ಹೇಳಿದ್ದಾರೆ. ಅವರ ಸರಾಸರಿ 16,000. ನೌಕರಿ ಮತ್ತು ವ್ಯಾಪಾರದ 400 ಮನೆಗಳಲ್ಲಿ ಹೇಳಿದವರು 200 ಮಾತ್ರ. ಅವರ ಸರಾಸರಿ 37,000. ಉಳ್ಳವರ ಮನೆಗಳಲ್ಲಿ ಅರ್ಧಕ್ಕರ್ಧ ಜನ ಬಾಯಿ ಬಿಟ್ಟಿಲ್ಲ. ಹೀಗಾಗಿ 22,000 ಎಂಬ ಸರಾಸರಿಯಲ್ಲಿ ಕೂಲಿ ಮನೆಗಳ ತೂಕ ಇರಬೇಕಾದದ್ದಕ್ಕಿಂತ ಹೆಚ್ಚಾಗಿದೆ. ಫಾರಂ ಕೈಬಿಟ್ಟರೆ ತಾಲ್ಲೂಕು ಇರುವುದಕ್ಕಿಂತ ಬಡವಾಗಿ ಕಾಣುತ್ತದೆ.

ಇನ್ನು ಎರಡನೆಯ ದಾರಿ. ಖಾಲಿ ಬಿದ್ದ 300 ಕಾಲಂಗಳಿಗೂ 22,000 ಎಂದು ಬರೆದುಬಿಟ್ಟರೆ ಹೇಗೆ? ಹಾಗೆ ಮಾಡುವವರು ಇದ್ದಾರೆ, ಮತ್ತು ಅದು ಕೈಬಿಡುವುದಕ್ಕಿಂತ ಕೆಟ್ಟದ್ದು. ಸರಾಸರಿ ಒಂದು ರೂಪಾಯಿಯೂ ಕದಲುವುದಿಲ್ಲ. ಮೇಲಾಗಿ ಮುನ್ನೂರು ಮನೆಗಳು ಒಂದೇ ಆದಾಯದ ಮೇಲೆ ಬಂದು ನಿಲ್ಲುವುದರಿಂದ ಬಡವರಿಗೂ ಬಲ್ಲಿದರಿಗೂ ಇರುವ ಅಂತರ ಕಾಗದದ ಮೇಲೆ ಕುಗ್ಗುತ್ತದೆ. ಗುಂಪಿನ ಪ್ರಕಾರ ತುಂಬುವುದು ಇದಕ್ಕಿಂತ ಮೇಲು. ಕೂಲಿ ಮನೆಗೆ ಕೂಲಿಯವರ ಲೆಕ್ಕ, ನೌಕರಿ ಮನೆಗೆ ನೌಕರಿಯವರ ಲೆಕ್ಕ ಹಿಡಿದರೆ ಸಾವಿರ ಮನೆಗಳ ಸರಾಸರಿ 24,400ಕ್ಕೆ ಏರುತ್ತದೆ.

ಪಳಗಿದವರು ಗುಂಪಿನ ಸರಾಸರಿಯನ್ನೂ ನೇರವಾಗಿ ಬರೆಯುವುದಿಲ್ಲ. ಕಸುಬು, ಊರು, ಮನೆಮಂದಿಯ ಸಂಖ್ಯೆ ಎಲ್ಲ ಹೋಲುವ ಇನ್ನೊಂದು ಮನೆಯನ್ನು ಹುಡುಕಿ, ಆ ಮನೆಯವರು ನಿಜವಾಗಿ ಹೇಳಿದ ಆದಾಯವನ್ನು ಎರವಲು ತರುತ್ತಾರೆ. ಪಂಚ್ ಕಾರ್ಡುಗಳ ಕಾಲದಿಂದ ಅಮೆರಿಕದ ಜನಗಣತಿ ಇಲಾಖೆ ಬಳಸುತ್ತ ಬಂದಿರುವ ಈ ವಿಧಾನಕ್ಕೆ ಹಾಟ್ ಡೆಕ್ ಎಂದು ಹೆಸರು. ಎರವಲು ತಂದ ಸಂಖ್ಯೆಯೂ ಊಹೆಯೇ ಎಂಬುದನ್ನು ಮರೆಯದಿರಲು ಸಂಖ್ಯಾಶಾಸ್ತ್ರಜ್ಞ ಡೊನಾಲ್ಡ್ ರೂಬಿನ್ ಒಂದು ಉಪಾಯ ಹೇಳಿದರು. ಖಾಲಿ ಜಾಗವನ್ನು ಒಂದೇ ಸಲ ತುಂಬದೆ, ಬೇರೆ ಬೇರೆ ಊಹೆಗಳಿಂದ ಹಲವು ಸಲ ತುಂಬಿ, ಪ್ರತಿ ಸಲವೂ ಲೆಕ್ಕ ಮಾಡಬೇಕು. ಉತ್ತರಗಳು ಹತ್ತಿರ ಹತ್ತಿರ ಬಂದರೆ ಊಹೆಯಿಂದ ಹೆಚ್ಚು ಹಾನಿಯಿಲ್ಲ. ದೂರ ದೂರ ಚದುರಿದರೆ ಆ ಅನುಮಾನವನ್ನೂ ವರದಿಯಲ್ಲಿ ಸೇರಿಸಬೇಕು.

ತುಂಬುವ ಈ ಕೆಲಸ ಕಾಗದದ ಲೆಕ್ಕವಾಗಿಯೇ ಉಳಿಯುವುದಿಲ್ಲ. ಅಮೆರಿಕದ 2000ದ ಜನಗಣತಿಯಲ್ಲಿ ಹಲವು ಸಲ ಹೋದರೂ ಮಾಹಿತಿ ಸಿಗದ ವಿಳಾಸಗಳಿಗೆ ಹತ್ತಿರದ, ಹೋಲುವ ಮನೆಯ ಲೆಕ್ಕವನ್ನೇ ಹಿಡಿದರು. ಅದರಿಂದ ದೇಶದ ಒಟ್ಟು ಜನಸಂಖ್ಯೆಗೆ ಸುಮಾರು 12 ಲಕ್ಷ ಸೇರಿತು. ನಾರ್ತ್ ಕೆರೊಲಿನಾ ರಾಜ್ಯದ ಎಣಿಕೆ ಶೇ. 0.4ರಷ್ಟು, ಯೂಟಾ ರಾಜ್ಯದ್ದು ಶೇ. 0.2ರಷ್ಟು ಏರಿತು. ಆ ಕೂದಲೆಳೆಯ ಅಂತರದಲ್ಲಿ ಯೂಟಾಕ್ಕೆ ಸಿಗಬೇಕಿದ್ದ ಸಂಸತ್ತಿನ ಒಂದು ಸ್ಥಾನ ನಾರ್ತ್ ಕೆರೊಲಿನಾದ ಪಾಲಾಯಿತು. ಯೂಟಾ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. 2002ರಲ್ಲಿ ಕೋರ್ಟ್ ಗಣತಿ ಇಲಾಖೆಯ ವಿಧಾನವನ್ನೇ ಎತ್ತಿಹಿಡಿಯಿತು. ಸಿಗದ ಮನೆಯನ್ನು ತುಂಬದೆ ಬಿಟ್ಟರೆ ಅಲ್ಲಿ ಸೊನ್ನೆ ಜನ ಎಂದು ಬರೆದಂತೆಯೇ. ಅದು ಇನ್ನೂ ದೊಡ್ಡ ತಪ್ಪು.

ಹಾಗೆಂದು ಎಲ್ಲವನ್ನೂ ತುಂಬಲಾಗದು. ಭಾರತದ 2011ರ ಜನಗಣತಿಯಲ್ಲಿ ಸುಮಾರು 29 ಲಕ್ಷ ಜನರ ಧರ್ಮದ ಕಾಲಂನಲ್ಲಿ ಉತ್ತರವಿರಲಿಲ್ಲ. ಪಕ್ಕದ ಮನೆಯವರ ಧರ್ಮವನ್ನು ಅವರಿಗೆ ಅಂಟಿಸದೆ, ‘ಧರ್ಮ ತಿಳಿಸಿಲ್ಲ’ ಎಂಬ ಸಾಲನ್ನೇ ಕೋಷ್ಟಕದಲ್ಲಿ ಪ್ರಕಟಿಸಿದರು. ಖಾಲಿಯನ್ನು ಖಾಲಿಯೆಂದೇ ತೋರಿಸುವುದು ಕೆಲವೊಮ್ಮೆ ಎಲ್ಲಕ್ಕಿಂತ ಪ್ರಾಮಾಣಿಕ ಉತ್ತರ.

ನಮ್ಮ ತಾಲ್ಲೂಕಿಗೆ ಮರಳೋಣ. 24,400 ಎಂಬ ಸಂಖ್ಯೆಯ ಹಿಂದೆ ಒಂದು ನಂಬಿಕೆಯಿದೆ: ನೌಕರಿ, ವ್ಯಾಪಾರದ ಮನೆಗಳಲ್ಲಿ ಆದಾಯ ಹೇಳಿದವರೂ ಹೇಳದವರೂ ಹೆಚ್ಚು ಕಡಿಮೆ ಒಂದೇ ಎಂಬ ನಂಬಿಕೆ. ಅದು ಸುಳ್ಳಾಗಿದ್ದರೆ? ಹೆಚ್ಚು ದುಡಿಯುವವರೇ ‘ಅದೆಲ್ಲ ಯಾಕೆ ಬಿಡಿ’ ಎಂದು ಜಾರಿಕೊಂಡಿದ್ದರೆ? ಕೈಯಲ್ಲಿರುವ ಫಾರಂಗಳನ್ನು ಎಷ್ಟು ಸಲ ತಿರುವಿದರೂ ಇದು ತಿಳಿಯುವುದಿಲ್ಲ, ಏಕೆಂದರೆ ಯಾವ ಸಂಗತಿ ಬೇಕೋ ಅದೇ ಅಲ್ಲಿಲ್ಲ. ಲೆಕ್ಕದ ಜಾಣತನ ಇಲ್ಲಿಗೆ ಮುಗಿಯುತ್ತದೆ. ಮತ್ತೆ ಮನೆಗೆ ಹೋಗಲೇಬೇಕು.

ಆದರೆ 300 ಮನೆಗಳಿಗೂ ಹೋಗಬೇಕಾಗಿಲ್ಲ. 1946ರಲ್ಲಿ ಅಮೆರಿಕದ ಮೋರಿಸ್ ಹ್ಯಾನ್ಸನ್ ಮತ್ತು ವಿಲಿಯಂ ಹರ್ವಿಟ್ಜ್ ಎಂಬ ಇಬ್ಬರು ಸಂಖ್ಯಾಶಾಸ್ತ್ರಜ್ಞರು ಇದಕ್ಕೊಂದು ದಾರಿ ತೋರಿಸಿದರು. ಅಂಚೆಯಲ್ಲಿ ಕಳಿಸಿದ ಫಾರಂಗೆ ಉತ್ತರಿಸದವರಲ್ಲಿ ಕೆಲವರನ್ನು ಮಾತ್ರ ಚೀಟಿ ಎತ್ತಿದಂತೆ ಆರಿಸಿ, ಅವರನ್ನು ಖುದ್ದಾಗಿ ಕಂಡು ಕೇಳಬೇಕು ಎಂಬುದು ಅವರ ಸಲಹೆ. ಅದರಂತೆ ನಾವು ಐದಕ್ಕೊಂದು ಮನೆ ಆರಿಸಿದೆವು ಎನ್ನೋಣ: ಖಾಲಿ ಬಿಟ್ಟ 100 ಕೂಲಿ ಮನೆಗಳಲ್ಲಿ 20, ಖಾಲಿ ಬಿಟ್ಟ 200 ನೌಕರಿ ಮನೆಗಳಲ್ಲಿ 40. ಅನುಭವಿ ಮೇಲ್ವಿಚಾರಕರು ಸಂಜೆ, ಭಾನುವಾರ ಹೋಗಿ, ಹೆಸರು ಎಲ್ಲೂ ಹೊರಬೀಳದು ಎಂದು ಭರವಸೆ ಕೊಟ್ಟು ಕೇಳಿದಾಗ ಅರವತ್ತೂ ಮನೆಯವರು ಹೇಳಿದರು. ಕೂಲಿ ಮನೆಗಳ ಸರಾಸರಿ ಮೊದಲಿನಂತೆ 16,000 ಬಂತು. ನೌಕರಿ ಮನೆಗಳದ್ದು ಮಾತ್ರ 46,000 ಬಂತು. ಈಗ ಮರುಭೇಟಿಯ ಒಂದೊಂದು ಮನೆಯನ್ನೂ ಐದು ಮನೆಗಳ ಪ್ರತಿನಿಧಿ ಎಂದು ಎಣಿಸಬೇಕು. ಆಗ ಖಾಲಿ ಬಿಟ್ಟ 300 ಮನೆಗಳ ಒಟ್ಟು ಆದಾಯ 1 ಕೋಟಿ 8 ಲಕ್ಷ. ಮೊದಲೇ ಹೇಳಿದ 700 ಮನೆಗಳದ್ದು 1 ಕೋಟಿ 54 ಲಕ್ಷ. ಎರಡೂ ಸೇರಿ ಸಾವಿರ ಮನೆಗಳ ಸರಾಸರಿ 26,200.

ಅದೇ ಫಾರಂಗಳು, ಮೂರು ಉತ್ತರಗಳು: ಕೈಬಿಟ್ಟರೆ 22,000, ತುಂಬಿದರೆ 24,400, ಮರಳಿ ಕೇಳಿದರೆ 26,200. ತುಂಬುವುದರಿಂದ ತಪ್ಪು ಅರ್ಧದಷ್ಟು ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಉಳಿದದ್ದನ್ನು ತೋರಿಸಿಕೊಟ್ಟದ್ದು ಅರವತ್ತು ಮನೆಗಳ ಮರುಭೇಟಿ.

ಮರುಭೇಟಿಗೂ ಮಿತಿಯಿದೆ. ನಿಜ ಜೀವನದಲ್ಲಿ ಅರವತ್ತರಲ್ಲಿ ಅರವತ್ತೂ ಬಾಗಿಲು ತೆರೆಯುವುದಿಲ್ಲ. ನಲವತ್ತು ಮನೆಗಳ ಮಾತಿನ ಮೇಲೆ ಇನ್ನೂರು ಮನೆಗಳ ಲೆಕ್ಕ ನಿಂತಾಗ ಒಂದೆರಡು ಸಿರಿವಂತ ಮನೆಗಳು ಸಿಕ್ಕರೂ ಸರಾಸರಿ ಜಿಗಿಯುತ್ತದೆ. ಒತ್ತಾಯವನ್ನಂತೂ ಮಾಡುವಂತಿಲ್ಲ. 2025ರಲ್ಲಿ ಕರ್ನಾಟಕದಲ್ಲಿ ನಡೆದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಯಲ್ಲಿ 60 ಪ್ರಶ್ನೆಗಳಿದ್ದವು. ಪಾಲ್ಗೊಳ್ಳುವುದು ಜನರ ಇಚ್ಛೆಗೆ ಬಿಟ್ಟದ್ದು ಎಂದು ಹೈಕೋರ್ಟ್ ಆಗ ಸ್ಪಷ್ಟಪಡಿಸಿತು. ಹೇಳಲಾರೆ ಎನ್ನುವ ಹಕ್ಕು ಇರುವಲ್ಲಿ ಕೆಲವು ಕಾಲಂಗಳು ಖಾಲಿಯೇ ಉಳಿಯುತ್ತವೆ.

ಆದ್ದರಿಂದ ಮರುಭೇಟಿಯ ಹಣ ಮತ್ತು ದಿನಗಳನ್ನು ಸಮೀಕ್ಷೆ ಶುರುವಾಗುವ ಮೊದಲೇ ಎತ್ತಿಡಬೇಕು. ಫಾರಂ ಎಲ್ಲ ಬಂದ ಮೇಲೆ ಯೋಚಿಸುವವರ ಕೈಯಲ್ಲಿ ಆ ಹೊತ್ತಿಗೆ ಎರಡೂ ಉಳಿದಿರುವುದಿಲ್ಲ. ಸಾವಿರದ ಇನ್ನೂರು ಮನೆಗಳಿಗೆ ಒಂದು ಸಲ ಹೋಗುವುದಕ್ಕಿಂತ ಸಾವಿರ ಮನೆಗಳಿಗೆ ಹೋಗಿ, ಉತ್ತರಿಸದವರಲ್ಲಿ ಕೆಲವರನ್ನು ಮತ್ತೆ ಕಾಣುವುದು ಮೇಲು. ಮುಂದಿನ ಸಲ ಪತ್ರಿಕೆಯಲ್ಲಿ ಸಮೀಕ್ಷೆಯ ಅಂಕಿ ಅಂಶ ಕಂಡರೆ ಎಷ್ಟು ಜನರನ್ನು ಕೇಳಿದರು ಎಂಬುದರ ಜೊತೆಗೆ ಇನ್ನೆರಡು ಸಂಗತಿಗಳನ್ನೂ ಹುಡುಕಿ: ಈ ಪ್ರಶ್ನೆಗೆ ಎಷ್ಟು ಜನ ಉತ್ತರಿಸಲಿಲ್ಲ, ಅವರ ಫಾರಂಗಳನ್ನು ಏನು ಮಾಡಿದರು. ಎರಡಕ್ಕೂ ವರದಿಯಲ್ಲಿ ಉತ್ತರವಿಲ್ಲದಿದ್ದರೆ ಆ ಅಂಕಿಯನ್ನು ಅರ್ಧ ಮಾತ್ರ ನಂಬಿ.