ಗ್ರಾಹಕರ ನೂಕುನುಗ್ಗಲೋ, ಬಾಟ್‌ನೆಟ್ ದಾಳಿಯೋ? ವಿಳಾಸಗಳೇ ಸಾಕ್ಷಿ

2017ರ ಮೇ 7ರ ರಾತ್ರಿ ಅಮೆರಿಕದ ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್‌ನ ಜಾಲತಾಣ ಕುಸಿಯಿತು. ಸಾರ್ವಜನಿಕರು ಅಭಿಪ್ರಾಯ ಸಲ್ಲಿಸುವ ವ್ಯವಸ್ಥೆಯ ಮೇಲೆ ದಾಳಿ ನಡೆದಿದೆಯೆಂದು ಆಯೋಗ ಮರುದಿನ ಪ್ರಕಟಿಸಿತು. ಆದರೆ ಅದರದೇ ಇನ್‌ಸ್ಪೆಕ್ಟರ್ ಜನರಲ್ ಕಚೇರಿಯು 2018ರ ಆಗಸ್ಟ್‌ನಲ್ಲಿ ನೀಡಿದ ವರದಿಯು ಬೇರೆಯದನ್ನೇ ಹೇಳಿತು. ಅಂದು ರಾತ್ರಿ ಜಾನ್ ಆಲಿವರ್ ಅವರು ತಮ್ಮ ದೂರದರ್ಶನ ಕಾರ್ಯಕ್ರಮದಲ್ಲಿ ಅಭಿಪ್ರಾಯ ಸಲ್ಲಿಸಿರೆಂದು ಕರೆ ನೀಡಿದ್ದರು. ಬಂದವರು ಬಹುಪಾಲು ನಿಜವಾದ ಜನರೇ ಆಗಿದ್ದರು.

ಇಂತಹ ತಪ್ಪು ತೀರ್ಮಾನಕ್ಕೆ ವ್ಯಾಪಾರಿಯು ತೆರಬೇಕಾದ ಬೆಲೆ ದೊಡ್ಡದು. ಜನಸಂದಣಿಯನ್ನು ದಾಳಿಯೆಂದು ತಿಳಿದು ತಡೆದರೆ ಕೊಳ್ಳಲು ಬಂದವನನ್ನೇ ಹೊರಗಟ್ಟಿದಂತಾಗುತ್ತದೆ. ದಾಳಿಯನ್ನು ಜನಸಂದಣಿಯೆಂದು ತಿಳಿದರೆ ಕಾನೂನಿನ ತೊಡಕು ಎದುರಾಗುತ್ತದೆ. ಸೆರ್ಟ್-ಇನ್ ಸಂಸ್ಥೆಯ 2022ರ ಏಪ್ರಿಲ್ ನಿರ್ದೇಶನದಂತೆ ಕಂಪನಿಗಳು ಇಂತಹ ದಾಳಿಯನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು.

ಎರಡನ್ನೂ ಬೇರ್ಪಡಿಸುವ ಸರಳ ಪರೀಕ್ಷೆಯೊಂದನ್ನು ಜೇಯೊನ್ ಜಂಗ್, ಬಾಲಚಂದರ್ ಕೃಷ್ಣಮೂರ್ತಿ ಮತ್ತು ಮೈಕೆಲ್ ರಾಬಿನೊವಿಚ್ 2002ರಲ್ಲಿ ತೋರಿಸಿಕೊಟ್ಟರು. ದೂರದರ್ಶನ ಕಾರ್ಯಕ್ರಮವೊಂದರ ತಾಣಕ್ಕೂ ಚಿಲಿ ದೇಶದ ಚುನಾವಣಾ ತಾಣಕ್ಕೂ ನುಗ್ಗಿದ ಜನಸಂದಣಿಯ ದಾಖಲೆಗಳನ್ನು ಅವರು ಕೋಡ್ ರೆಡ್ ಹುಳುವಿನಂತಹ ದಾಳಿಗಳ ದಾಖಲೆಗಳೊಡನೆ ಹೋಲಿಸಿದರು. ಬಿಡಿ ಐಪಿ ವಿಳಾಸಗಳನ್ನು ನೋಡದೆ, ಅವು ಸೇರಿದ ಜಾಲಗಳನ್ನು ನೋಡಿದ್ದೇ ಅವರ ಕ್ರಮದ ವಿಶೇಷ. ಜನಸಂದಣಿಯಲ್ಲಿ ಕಂಡ ಜಾಲಗಳ ಪೈಕಿ ದೊಡ್ಡ ಪಾಲು ಆ ತಾಣಕ್ಕೆ ಮೊದಲೇ ಬಂದಿದ್ದವು. ದಾಳಿಯಲ್ಲಿ ಕಂಡವು ಬಹುತೇಕ ಹೊಸವು.

ಇದರ ಕಾರಣ ನಮ್ಮ ಗ್ರಾಹಕರ ಖಾತೆಪುಸ್ತಕದಿಂದಲೇ ತಿಳಿಯುತ್ತದೆ. ಹೊಸ ಗ್ರಾಹಕರೂ ಸಾಮಾನ್ಯವಾಗಿ ಹಳಬರ ಊರು, ಕೇರಿಗಳಿಂದಲೇ ಬರುತ್ತಾರೆ. ಅದೇ ಇಂಟರ್ನೆಟ್ ಕಂಪನಿಯ ಸಂಪರ್ಕವನ್ನೇ ಬಳಸುತ್ತಾರೆ. ಬಾಟ್‌ನೆಟ್ ಎಂಬುದು ಸೋಂಕು ತಗುಲಿದ ಯಂತ್ರಗಳ ಸೈನ್ಯ. ಅವು ಎಲ್ಲಿ ಸಿಕ್ಕಿದವೋ ಅಲ್ಲಿಂದ ಜಮಾವಣೆಗೊಂಡಿರುವುದರಿಂದ ನಮ್ಮ ಮಾರುಕಟ್ಟೆಯ ನಕ್ಷೆಗೂ ಅವುಗಳಿಗೂ ಸಂಬಂಧವಿರುವುದಿಲ್ಲ.

ಕಲ್ಪಿತ ಉದಾಹರಣೆಯೊಂದನ್ನು ಪರಿಶೀಲಿಸೋಣ. ಮೈಸೂರಿನ ರೇಷ್ಮೆ ಸೀರೆ ಮಳಿಗೆಯೊಂದು ದಸರಾ ರಿಯಾಯಿತಿ ಘೋಷಿಸಿದ ದಿನ, ಹತ್ತು ನಿಮಿಷಗಳಲ್ಲಿ ಅದರ ತಾಣಕ್ಕೆ 12,000 ವಿಳಾಸಗಳಿಂದ ಕೋರಿಕೆಗಳು ಬಂದವೆಂದುಕೊಳ್ಳಿ. ತಂತ್ರಜ್ಞರು ಅವನ್ನು ಜಾಲವಾರು ವಿಂಗಡಿಸಿ, ಹಿಂದಿನ 30 ದಿನಗಳ ದಾಖಲೆಯೊಡನೆ ತಾಳೆ ನೋಡುತ್ತಾರೆ. 700 ಜಾಲಗಳು ಕಂಡು, ಅವುಗಳಲ್ಲಿ 450 ಹಳೆಯವಾದರೆ ಪ್ರಮಾಣ ಶೇಕಡ 64. ಇದು ಗ್ರಾಹಕರ ಸಂದಣಿಯ ಲಕ್ಷಣ. ಅದೇ 12,000 ವಿಳಾಸಗಳು 5,000 ಜಾಲಗಳಲ್ಲಿ ಚದುರಿದ್ದು, ಹಳೆಯವು 250 ಮಾತ್ರವೇ ಆದರೆ ಪ್ರಮಾಣ ಶೇಕಡ 5. ಇದು ದಾಳಿಯ ಲಕ್ಷಣ. ಜೊತೆಗೆ ಇನ್ನೊಂದು ತಾಳೆಯೂ ಉಂಟು. ತಾಣ ನಿಧಾನವಾದೊಡನೆ ಮನುಷ್ಯನು ಕಾಯುತ್ತಾನೆ. ಹೀಗಾಗಿ ತಲಾ ಕೋರಿಕೆಗಳು ಇಳಿಯುತ್ತವೆ. ಯಂತ್ರವು ಸಾಮಾನ್ಯವಾಗಿ ಉತ್ತರಕ್ಕೆ ಕಾಯದೆ ಅದೇ ವೇಗದಲ್ಲಿ ಕೋರಿಕೆಗಳನ್ನು ಕಳುಹಿಸುತ್ತಿರುತ್ತದೆ.

ಈ ಪರೀಕ್ಷೆ ಎಡವುವ ಸಂದರ್ಭಗಳೂ ಇವೆ. ಮೊಬೈಲ್ ಕಂಪನಿಗಳು ಸಾವಿರಾರು ಚಂದಾದಾರರನ್ನು ಒಂದೇ ವಿಳಾಸದ ಹಿಂದೆ ಇರಿಸುವುದುಂಟು. ಆದ್ದರಿಂದ ಒಂದೇ ವಿಳಾಸದಿಂದ ಅಪಾರ ಕೋರಿಕೆಗಳು ಬಂದ ಮಾತ್ರಕ್ಕೆ ಅದನ್ನು ದಾಳಿಯೆನ್ನಲಾಗದು. ವಿದೇಶದ ಕನ್ನಡ ಸಂಘವೊಂದು ಮಳಿಗೆಯ ಕೊಂಡಿಯನ್ನು ಹಂಚಿದರೆ ಹೊಸ ಜಾಲಗಳಿಂದಲೂ ಸಾಚಾ ಗ್ರಾಹಕರು ಬರುತ್ತಾರೆ. ಸೋಂಕಿತ ಯಂತ್ರಗಳು ನಮ್ಮ ನಾಡಿನ ಮನೆಗಳಲ್ಲೇ ಇದ್ದರೆ ದಾಳಿಯೂ ಹಳೆಯ ಜಾಲಗಳಿಂದಲೇ ಬರಬಹುದು. ಸಂಪರ್ಕ ಪೂರ್ಣಗೊಳ್ಳದ ಕೆಲವು ದಾಳಿಗಳಲ್ಲಂತೂ ವಿಳಾಸವನ್ನೇ ನಕಲಿ ಮಾಡಿರುತ್ತಾರೆ. ಆದುದರಿಂದ ಒಂದೇ ಪ್ರಮಾಣವನ್ನು ನಂಬದೆ ಎರಡೂ ತಾಳೆಗಳನ್ನು ಒಟ್ಟಿಗೆ ನೋಡಬೇಕು.

ಇದಕ್ಕೆಲ್ಲ ಆಧಾರ ಹಳೆಯ ದಾಖಲೆ. ಅದನ್ನು 180 ದಿನ ಕಾಪಾಡಬೇಕೆಂದು ಮೇಲಿನ ನಿರ್ದೇಶನವೇ ಹೇಳುತ್ತದೆ. ಆದರೆ ತಾಣದ ಮುಂದೆ ಮಧ್ಯವರ್ತಿ ಸೇವೆಯೊಂದನ್ನು ಇರಿಸಿದ್ದರೆ, ದಾಖಲೆಯಲ್ಲಿ ಗ್ರಾಹಕರ ಬದಲು ಆ ಮಧ್ಯವರ್ತಿಯ ವಿಳಾಸವೇ ಉಳಿಯುವುದುಂಟು. ಅಂತಹ ದಾಖಲೆ, ಎಲ್ಲ ಮಾರಾಟಗಳನ್ನೂ ಒಬ್ಬ ದಲ್ಲಾಳಿಯ ಹೆಸರಿನಲ್ಲೇ ಬರೆದ ಲೆಕ್ಕಪುಸ್ತಕದಂತೆ ನಿರುಪಯುಕ್ತ. `X-Forwarded-For` ಎಂಬ ಅಂಕಣದಲ್ಲಿ ಮೂಲ ವಿಳಾಸ ದಾಖಲಾಗುತ್ತಿದೆಯೇ ಎಂಬುದನ್ನು ಸದಸ್ಯರು ಮುಂದಿನ ರಿಯಾಯಿತಿ ಮಾರಾಟಕ್ಕೆ ಮುನ್ನವೇ ತಮ್ಮ ತಂತ್ರಜ್ಞರಿಂದ ಖಚಿತಪಡಿಸಿಕೊಳ್ಳುವುದು ಒಳಿತು.