ಟ್ಯಾಂಕಿನೊಳಗಿನ ಗೀಟುಗಳು

ಬೆಳಗಿನ ಜಾವ 5 ಗಂಟೆ. ಬೆಂಗಳೂರಿನ 12 ಮನೆಗಳ ಒಂದು ಕಟ್ಟಡದಲ್ಲಿ ಕೇರ್‌ಟೇಕರ್‌ ದಿನದ ಕೆಲಸ ಶುರು ಮಾಡುವುದು ಪೊರಕೆ ಹಿಡಿದಲ್ಲ, ಟಾರ್ಚ್ ಹಿಡಿದು. ಮಹಡಿ ಹತ್ತಿ, ಓವರ್‌ಹೆಡ್ ಟ್ಯಾಂಕಿನ ಮುಚ್ಚಳ ತೆಗೆದು, ಒಳಗೋಡೆಯ ಗೀಟುಗಳಲ್ಲಿ ನೀರು ಎಲ್ಲಿದೆ ಎಂದು ನೋಡಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ.

ಈ ಬರಹ ಏಕೆ ಬೇಕು ಎಂಬುದಕ್ಕೆ ಒಂದು ಲೆಕ್ಕ ನೋಡೋಣ. ಟ್ಯಾಂಕಿನ ತಳ 2 ಮೀಟರ್ ಅಗಲ, ಎರಡೂವರೆ ಮೀಟರ್ ಉದ್ದ ಎಂದಿಟ್ಟುಕೊಳ್ಳಿ. ಆಗ ಒಂದು ಸೆಂಟಿಮೀಟರ್ ನೀರೆಂದರೆ 50 ಲೀಟರ್. ಮೋಟಾರು ನಿಂತಿರುವ ರಾತ್ರಿ 11ರಿಂದ ಬೆಳಗಿನ 5ರವರೆಗೆ ನೀರು ಸಾಮಾನ್ಯವಾಗಿ 4 ಸೆಂಟಿಮೀಟರ್ ಇಳಿಯುತ್ತದೆ. ಒಂದು ದಿನ 18 ಇಳಿದಿದ್ದರೆ? ಹೆಚ್ಚುವರಿ 14 ಸೆಂಟಿಮೀಟರ್, ಅಂದರೆ ಆರು ಗಂಟೆಯಲ್ಲಿ 700 ಲೀಟರ್ ಎಲ್ಲೋ ಹರಿದುಹೋಗಿದೆ. ಹೀಗೇ ಬಿಟ್ಟರೆ ದಿನಕ್ಕೆ 2,800 ಲೀಟರ್. ಎರಡು ದಿನ ಕಳೆಯುವಷ್ಟರಲ್ಲಿ 6,000 ಲೀಟರಿನ ಒಂದು ಟ್ಯಾಂಕರ್ ನೀರು ಹೆಚ್ಚುಕಡಿಮೆ ಖಾಲಿ.

ಸೋರಿಕೆ ಕಣ್ಣಿಗೆ ಬೀಳದಿದ್ದರೆ ಮೊದಲ ಅನುಮಾನ ಶೌಚಾಲಯದ ಫ್ಲಶ್ ಟ್ಯಾಂಕಿನ ಮೇಲೆ. ಅದರಲ್ಲಿ ಬಣ್ಣ ಬೆರೆಸಿ, ಫ್ಲಶ್ ಮಾಡದೆ ಕಾಲು ಗಂಟೆ ಕಾಯಬೇಕು. ಕಮೋಡಿನಲ್ಲಿ ಬಣ್ಣ ಕಂಡರೆ ಅಲ್ಲೇ ಸೋರುತ್ತಿದೆ. ಹನ್ನೊಂದು ಮನೆಗಳಲ್ಲೂ ಬಣ್ಣ ಕಾಣದೆ, ಬೀಗ ಹಾಕಿದ ಒಂದು ಮನೆ ಉಳಿದರೆ, ಬೀಗ ತೆಗೆಯುವ ಮೊದಲು ಡಕ್ಟಿನಲ್ಲಿರುವ ಆ ಮನೆಯ ವಾಲ್ವ್ ಮುಚ್ಚಿ ಒಂದು ರಾತ್ರಿ ನೋಡುವುದೇ ಸರಿ. ಮರುದಿನ ಇಳಿತ ಮತ್ತೆ 4ಕ್ಕೆ ಬಂದರೆ ಕಳ್ಳ ಸಿಕ್ಕಿದಂತೆ. ಆಮೇಲೆ ಮಾಲೀಕರ ಒಪ್ಪಿಗೆ ಪಡೆದು, ಇನ್ನೊಬ್ಬರನ್ನು ಸಾಕ್ಷಿಗೆ ಕರೆದುಕೊಂಡು ಒಳಗೆ ಹೋಗಬೇಕು.

ಮಾಲೀಕರಿಗೆ ಹೋಗುವ ವರದಿಯೂ ಹೀಗೆಯೇ ಇರಬೇಕು. ‘ನೀರು ಸೋರ್ತಿದೆ ಸಾರ್’ ಎಂದರೆ ದೂರದ ಊರಿನಲ್ಲಿರುವವರಿಗೆ ಏನೂ ತಿಳಿಯದು. ‘ರಾತ್ರಿ 18 ಸೆಂಟಿಮೀಟರ್ ಇಳಿದಿದೆ, ನಿಮ್ಮ ವಾಲ್ವ್ ಮುಚ್ಚಿದ ಮೇಲೆ 4, ಪ್ಲಂಬರ್ 600 ರೂಪಾಯಿ ಕೇಳುತ್ತಿದ್ದಾರೆ’ ಎಂದು ಫೋಟೊ ಸಮೇತ ಬಂದರೆ ಅವರು ಕೂಡಲೇ ಒಪ್ಪಿಗೆ ಕೊಡಬಹುದು. ಕೇಳದೆಯೇ ಎಷ್ಟು ಹಣದವರೆಗೆ ಖರ್ಚು ಮಾಡಬಹುದು ಎಂಬುದನ್ನು ಕೆಲಸಕ್ಕೆ ಸೇರುವ ದಿನವೇ ಬರೆದುಕೊಳ್ಳುವುದು ಇಬ್ಬರಿಗೂ ಕ್ಷೇಮ.

ದೂರಿನ ಪುಸ್ತಕಕ್ಕೂ ಇದೇ ಕ್ರಮ: ಯಾವ ಮನೆ, ಎಷ್ಟು ಹೊತ್ತಿಗೆ, ಏನು ದೂರು, ಯಾರಿಗೆ ತಿಳಿಸಿದ್ದು, ಸರಿಯಾದದ್ದು ಯಾವಾಗ. ಕೊನೆಯ ಕಾಲಂನಲ್ಲಿ ಸಹಿ ಹಾಕಬೇಕಾದವರು ದೂರು ಕೊಟ್ಟವರು, ಕೇರ್‌ಟೇಕರ್ ಅಲ್ಲ.

ಮಾಡಬಾರದ ಕೆಲಸಗಳೂ ಇವೆ. ಲಿಫ್ಟ್ ನಡುವೆ ನಿಂತರೆ ಬಾಗಿಲು ಮೀಟದೆ, ಒಳಗಿದ್ದವರೊಡನೆ ಮಾತಾಡುತ್ತ ಕಂಪನಿಯ ಮೆಕ್ಯಾನಿಕ್‌ಗೆ ಫೋನ್ ಮಾಡಬೇಕು. ಶೌಚಗುಂಡಿಗೆ ಇಳಿಯಲೇಬಾರದು, ಸುರಕ್ಷತೆಯಿಲ್ಲದೆ ಯಾರನ್ನಾದರೂ ಇಳಿಸುವುದು 2013ರ ಕಾಯ್ದೆಯಂತೆ ಅಪರಾಧ.

ದಿನದ ಸುತ್ತು

ಬೆಳಗ್ಗೆ 5: ಟ್ಯಾಂಕು, ಸಂಪಿನ ಮಟ್ಟ, ಮೋಟಾರಿನ ಸದ್ದು.
6: ಹಸಿ ಕಸ, ಒಣ ಕಸ ಬೇರೆಯಾಗಿವೆಯೇ?
9: ಮೆಟ್ಟಿಲು, ಲಿಫ್ಟ್, ಪಾರ್ಕಿಂಗ್ ಗುಡಿಸಿ ಒರೆಸಿದ್ದಾರೆಯೇ?
ಸಂಜೆ 6: ದೀಪಗಳು, ಬಾಕಿ ಉಳಿದ ದೂರುಗಳು.
ರಾತ್ರಿ 11: ಮೋಟಾರು ಬಂದ್, ಗೇಟಿಗೆ ಬೀಗ, ಮತ್ತೆ ಟ್ಯಾಂಕಿನ ಮಟ್ಟ.